ಫೋನ್, ವಿಡಿಯೊ, ಎದುರಾಬದುರು: ಸಂದರ್ಶನದ ಮೂರು ದಾರಿಗಳನ್ನು ಬಳಸಿದ ಮೇಲೆ

ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ದುಡಿಮೆ, ಸಂಬಳ, ಮನೆ ಇವುಗಳ ಬಗ್ಗೆ ಮಾತಾಡಿಸಿ ಬರೆಯುವುದು ನನ್ನ ಕೆಲಸ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೇರೆ ದಾರಿ ಇಲ್ಲದೆ ಫೋನ್ ಹಿಡಿದೆ. ಆಮೇಲೆ ವಿಡಿಯೊ ಕರೆಗಳೂ ಬಂದವು. ಈಗ ಮನೆಗೆ ಹೋಗಿ ಕೂತು ಮಾತಾಡುವುದು ಮತ್ತೆ ಶುರುವಾಗಿದೆ, ಆದರೂ ಮೂರನ್ನೂ ಬಿಟ್ಟಿಲ್ಲ. ಫೋನ್ ಅಂದರೆ ಎರಡನೇ ದರ್ಜೆ ಎಂದು ಮೂಗು ಮುರಿಯುವವರು ನಮ್ಮಲ್ಲಿ ಜಾಸ್ತಿ. ಅದು ಪೂರ್ತಿ ಸರಿಯಲ್ಲ.

ಮುಖ ಕಾಣದಿದ್ದರೆ ಸಲಿಗೆ ಬೆಳೆಯಲ್ಲ ಅನ್ನುವುದು ಮುಖ್ಯ ದೂರು. ನನ್ನ ಅನುಭವದಲ್ಲಿ ಮುಖಕ್ಕಿಂತ ದೊಡ್ಡ ಕೊರತೆ ‘ಹೂಂ’ನದು. ಎದುರಿಗೆ ಕೂತಾಗ ನಾವು ತಲೆ ಆಡಿಸುತ್ತೇವೆ, ಹುಬ್ಬು ಏರಿಸುತ್ತೇವೆ, ನಡುನಡುವೆ ಹೂಂ ಅನ್ನುತ್ತೇವೆ. ಹೇಳುವವರಿಗೆ ‘ಇವರು ಕೇಳ್ತಾ ಇದಾರೆ’ ಅಂತ ಗೊತ್ತಾಗುವುದು ಇದರಿಂದಲೇ. ಬ್ರಿಟನ್ನಿನಲ್ಲಿ ಆನಿ ಇರ್ವಿನ್, ಪಾಲ್ ಡ್ರೂ ಮತ್ತು ರಾಯ್ ಸೇನ್ಸ್‌ಬರಿ 2013ರಲ್ಲಿ ಫೋನ್ ಮತ್ತು ಮುಖಾಮುಖಿ ಸಂದರ್ಶನಗಳನ್ನು ಸಾಲುಸಾಲಾಗಿ ಹೋಲಿಸಿ ನೋಡಿದರು. ಫೋನಿನಲ್ಲಿ ಸಂಶೋಧಕರು ಬಾಯಿಬಿಟ್ಟು ಹೂಂ ಅನ್ನುವುದು ಕಡಿಮೆ ಇತ್ತು. ‘ನಾನು ಹೇಳ್ತಿರೋದು ಸರಿಯಾಗಿದೆಯಾ?’ ಎಂದು ಉತ್ತರಿಸುವವರು ವಿಚಾರಿಸುವುದು ಜಾಸ್ತಿ ಇತ್ತು. ನನ್ನ ರೆಕಾರ್ಡಿಂಗ್‌ಗಳಲ್ಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಸುತ್ತದೆ: ‘ಮೇಡಂ, ಇದೇ ತಾನೇ ನೀವು ಕೇಳಿದ್ದು?’

ಇದಕ್ಕೆ ಪರಿಹಾರ ಸುಲಭ. ಫೋನಿನಲ್ಲಿ ಹೂಂ, ಹೌದಾ, ಆಮೇಲೆ ಅನ್ನುವುದನ್ನು ಬೇಕೆಂದೇ ಗಟ್ಟಿಯಾಗಿ ಅನ್ನಬೇಕು. ಮೌನದ ತೊಂದರೆ ಮಾತ್ರ ಇಷ್ಟು ಸುಲಭ ಅಲ್ಲ. ಎದುರಿಗೆ ಇದ್ದಾಗ ಉತ್ತರ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಬಹಳ ಸಲ ಅವರೇ ಮತ್ತೊಂದು ಮಾತು ತೆಗೆಯುತ್ತಾರೆ. ಬೆಲೆಬಾಳುವ ಮಾತು ಬರುವುದು ಅಲ್ಲೇ. ಫೋನಿನಲ್ಲಿ ಸುಮ್ಮನಿದ್ದರೆ ‘ಹಲೋ, ಕೇಳಿಸ್ತಾ ಇದೆಯಾ?’ ಬರುತ್ತದೆ, ಎಳೆ ಕಡಿದುಹೋಗುತ್ತದೆ. ಹಾಗಾಗಿ ನಾನು ಶುರುವಿನಲ್ಲೇ ಹೇಳಿಬಿಡುತ್ತೇನೆ: ‘ಅಕ್ಕಾ, ನಾನು ಸುಮ್ನಿದ್ರೆ ಲೈನ್ ಕಟ್ ಆಗಿಲ್ಲ, ಬರ್ಕೊಳ್ತಾ ಇರ್ತೀನಿ. ನೀವು ನಿಧಾನವಾಗಿ ಯೋಚನೆ ಮಾಡಿ.’ ಇಷ್ಟು ಹೇಳಿದರೆ ಮೌನ ಸ್ವಲ್ಪ ಹೊತ್ತು ನಿಲ್ಲುತ್ತದೆ.

ವಿಡಿಯೊದಲ್ಲಿ ಮುಖ ಕಾಣುತ್ತದೆ, ಆದರೆ ಹೂಂ ಇನ್ನಷ್ಟು ಕೆಡುತ್ತದೆ. ಝೂಮ್‌ನಂಥ ಆ್ಯಪ್‌ಗಳು ಹಿನ್ನೆಲೆ ಸದ್ದು ತಗ್ಗಿಸುವ ಭರದಲ್ಲಿ, ಇಬ್ಬರ ದನಿ ಒಟ್ಟಿಗೆ ಬಂದಾಗ ಒಂದನ್ನು ಅಡಗಿಸಿಬಿಡುವುದುಂಟು. ನಾನು ಹೂಂ ಅಂದಾಗ ಅವರ ಮಾತಿನ ಒಂದು ಪದವೇ ಮಾಯ. ದನಿ ತಡವಾಗಿ ತಲುಪಿದರಂತೂ ನನ್ನ ಹೂಂ ಅವರ ಮುಂದಿನ ವಾಕ್ಯದ ಮೇಲೆ ಬೀಳುತ್ತದೆ, ಅವರು ನಿಲ್ಲಿಸಿ ‘ಏನಂದ್ರಿ?’ ಅನ್ನುತ್ತಾರೆ. ಅದಕ್ಕೇ ವಿಡಿಯೊದಲ್ಲಿ ಬಾಯಿ ಮುಚ್ಚಿಕೊಂಡು ತಲೆ ಆಡಿಸುತ್ತೇನೆ. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವಾಗ ಪ್ರತಿಯೊಬ್ಬರ ದನಿಯನ್ನೂ ಬೇರೆ ಬೇರೆ ಕಡತದಲ್ಲಿ ಉಳಿಸುವ ಆಯ್ಕೆ ಝೂಮ್‌ನ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಮೊದಲೇ ಆನ್ ಮಾಡಿಡಿ, ಬರೆದುಕೊಳ್ಳುವಾಗ ತುಂಬಾ ಉಪಯೋಗ. ಆದರೆ ಹೊಲಿಗೆ ಲೈನಿನಲ್ಲಿ ದುಡಿಯುವವರಿಗೆ ವಿಡಿಯೊ ನನಗೆ ಒಗ್ಗಿಬರಲಿಲ್ಲ. ಡೇಟಾ ಖರ್ಚಾಗುತ್ತದೆ, ಒಂದೇ ಕೋಣೆಯ ಮನೆ ತೋರಿಸಲು ಸಂಕೋಚ. ಯೂನಿಯನ್ ಮುಖಂಡರು, ಕಾರ್ಖಾನೆಯ ಎಚ್‌ಆರ್ ವಿಭಾಗದವರು ಇಂಥವರ ಜೊತೆ ಮಾತ್ರ ಅದು ಸರಾಗ.

ಫೋನಿನ ನಿಜವಾದ ಗಂಡಾಂತರ ಬೇರೆ ಇದೆ. ಆ ಕಡೆ ಪಕ್ಕದಲ್ಲಿ ಯಾರಿದ್ದಾರೆ ಅಂತ ನಮಗೆ ಕಾಣುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಪೀಣ್ಯದ ಕಡೆಯ ಒಬ್ಬ ಟೈಲರ್ ಜೊತೆ ರಾತ್ರಿ ಊಟಕ್ಕೆ ಮುಂಚೆ ಮಾತಾಡುತ್ತಿದ್ದೆ. ಗಂಟೆಗೆ ಎಷ್ಟು ಪೀಸ್ ಟಾರ್ಗೆಟ್, ತಪ್ಪಿದರೆ ಸೂಪರ್‌ವೈಸರ್ ಏನಂತಾನೆ, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು. ‘ಸಂಬಳ ಬಂದ ದಿನ ಏನು ಮಾಡ್ತೀರಿ?’ ಎಂದು ಕೇಳುವ ಹೊತ್ತಿಗೆ ದನಿ ಟೊಳ್ಳಾಗಿ, ದೂರದಿಂದ ಬಂದಂತೆ ಕೇಳಿಸಿತು. ಸ್ಪೀಕರ್ ಹಾಕಿದಾಗ ಹಾಗೇ ಕೇಳಿಸುವುದು. ಉತ್ತರಗಳೂ ಚಿಕ್ಕದಾದವು: ‘ಮನೆ ಖರ್ಚಿಗೆ ಕೊಡ್ತೀನಿ ಮೇಡಂ. ಎಲ್ಲಾ ಚೆನ್ನಾಗಿದೆ.’

ಇಂಥ ಹೊತ್ತಲ್ಲಿ ‘ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?’ ಎಂದು ಕೇಳಬಾರದು. ಸ್ಪೀಕರಿನಲ್ಲಿ ಅದೂ ಕೇಳಿಸುತ್ತದೆ. ‘ಅಕ್ಕಾ, ಅಡುಗೆ ಹೊತ್ತಾಯ್ತು ಅನ್ಸುತ್ತೆ, ಇನ್ನೊಂದಿನ ಮಾಡ್ಲಾ?’ ಅಂದೆ. ‘ಹೂಂ, ನಾನೇ ಮಿಸ್ ಕಾಲ್ ಕೊಡ್ತೀನಿ’ ಅಂದರು. ಭಾನುವಾರ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಮಿಸ್ ಕಾಲ್ ಬಂತು. ಎಟಿಎಂ ಕಾರ್ಡ್ ಗಂಡನ ಹತ್ತಿರ ಇರುತ್ತದಂತೆ. ಓವರ್‌ಟೈಮ್ ದುಡ್ಡನ್ನು ಮಾತ್ರ ತಪ್ಪಿಸಿಟ್ಟು ಲೈನಿನ ಗೆಳತಿಯ ಹತ್ತಿರ ಚೀಟಿ ಕಟ್ಟುತ್ತಾರಂತೆ. ಮೊದಲ ದಿನದ ‘ಮನೆ ಖರ್ಚಿಗೆ’ ಸುಳ್ಳೇನೂ ಅಲ್ಲ, ಗಂಡ ಕೇಳಿಸಿಕೊಳ್ಳುವಾಗ ಹೇಳುವ ಮಾತು ಅದು. ಬರಹದ ಪ್ರತಿಯಲ್ಲಿ ಆ ಜಾಗದ ಅಂಚಿಗೆ ‘ದನಿ ಬದಲಾಯಿತು, ಸ್ಪೀಕರ್ ಇರಬಹುದು’ ಎಂದು ಬರೆದಿಟ್ಟೆ. ಆ ಟಿಪ್ಪಣಿ ಇಲ್ಲದಿದ್ದರೆ, ಆರು ತಿಂಗಳಾದ ಮೇಲೆ ಓದುವವರು ಎರಡು ಉತ್ತರಗಳನ್ನೂ ಒಂದೇ ತೂಕಕ್ಕೆ ಇಟ್ಟುಬಿಡುತ್ತಾರೆ.

ಇದೇ ಪ್ರಶ್ನೆಯನ್ನು ಮನೆಯಲ್ಲಿ ಕೂತು ಕೇಳಿದ್ದರೆ? ವಠಾರದ ಮನೆಗೆ ಹೋದರೆ ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಾರೆ, ಅತ್ತೆ ಟೀ ಹಿಡಿದು ಅಲ್ಲೇ ಕೂರುತ್ತಾರೆ, ಅವರ ಪರವಾಗಿ ಉತ್ತರವನ್ನೂ ಕೊಡುತ್ತಾರೆ. ಮಹಡಿಯ ಏಕಾಂತ ನಾನು ಹೋಗಿದ್ದರೆ ಸಿಗುತ್ತಿರಲಿಲ್ಲ. ಸೂಪರ್‌ವೈಸರ್ ಆಡಿದ ಕೆಟ್ಟ ಮಾತುಗಳನ್ನೂ ನನ್ನ ಮುಖ ನೋಡದೆ ಫೋನಿನಲ್ಲಿ ಹೇಳುವುದು ಕೆಲವರಿಗೆ ಹಗುರ. ಆದರೆ ಎದುರಿಗೆ ಇದ್ದಾಗ ಅವರು ಪೇ ಸ್ಲಿಪ್ ತೆಗೆದು ಮುಂದಿಡುತ್ತಾರೆ, ಪಿಎಫ್ ಕಡಿತ ಯಾವುದು ಎಂದು ನನ್ನನ್ನೇ ಕೇಳುತ್ತಾರೆ. ಆ ಕಾಗದದಿಂದ ಹುಟ್ಟುವ ಪ್ರಶ್ನೆಗಳು ಫೋನಿನಲ್ಲಿ ನನಗೆ ಹೊಳೆಯುವುದೇ ಇಲ್ಲ. ಅದೂ ಅಲ್ಲದೆ, ಒಮ್ಮೆ ಮುಖ ನೋಡಿದವರು ಆಮೇಲೆ ಫೋನ್ ಎತ್ತುತ್ತಾರೆ. ಗೊತ್ತಿಲ್ಲದ ನಂಬರ್ ಅಂದರೆ ಸಾಲದ ಕಂಪನಿ ಅಂದುಕೊಂಡು ಕಟ್ ಮಾಡುವವರೇ ಜಾಸ್ತಿ.

ರೆಕಾರ್ಡಿಂಗ್ ಬಗ್ಗೆ ಒಂದು ಮಾತು. 2022ರ ಮೇ ತಿಂಗಳಿನಿಂದ ಗೂಗಲ್ ತನ್ನ ಪ್ಲೇ ಸ್ಟೋರಿನ ನಿಯಮ ಬಿಗಿ ಮಾಡಿದ ಮೇಲೆ, ಕರೆ ರೆಕಾರ್ಡ್ ಮಾಡುವ ಹಳೆಯ ಆ್ಯಪ್‌ಗಳು ಹೆಚ್ಚುಕಡಿಮೆ ನಿಂತುಹೋದವು. ಗೂಗಲ್‌ನ ಫೋನ್ ಆ್ಯಪ್‌ನಲ್ಲಿ ಆ ಸೌಲಭ್ಯ ಇರುವ ಕಡೆ, ರೆಕಾರ್ಡ್ ಒತ್ತಿದ ಕೂಡಲೇ ಯಂತ್ರದ ದನಿ ಇಬ್ಬರಿಗೂ ಕೇಳುವಂತೆ ಸಾರುತ್ತದೆ. ಮೊದಲೇ ಒಪ್ಪಿಗೆ ಕೊಟ್ಟಿದ್ದವರೂ ಆ ದನಿಗೆ ಬೆಚ್ಚುತ್ತಾರೆ. ಬೇಕಾದ್ದೇ ಅದು, ಆದರೆ ‘ಈಗ ಒಂದು ದನಿ ಬರುತ್ತೆ, ಗಾಬರಿ ಆಗ್ಬೇಡಿ’ ಎಂದು ಮುಂಚೆ ಹೇಳಿ. ನಾನು ಬಾಗಿಲು ಹಾಕಿಕೊಂಡು, ನನ್ನ ಫೋನ್ ಸ್ಪೀಕರಿಗೆ ಹಾಕಿ, ಪಕ್ಕದಲ್ಲಿ ಪುಟ್ಟ ರೆಕಾರ್ಡರ್ ಇಡುತ್ತೇನೆ. ದನಿ ಸ್ವಲ್ಪ ಮಂಕು. ಎದುರಿಗೆ ಮಾಡಿದ ಒಂದು ಗಂಟೆಯ ಮಾತು ಬರೆಯಲು ನಾಲ್ಕೈದು ಗಂಟೆ ಹಿಡಿದರೆ, ಇದಕ್ಕೆ ಇನ್ನೂ ಜಾಸ್ತಿ.

ಐದರಲ್ಲಿ ಅಂಕ ಕೊಡಿ ಅಂದರೆ, ಈ ಹೆಣ್ಣುಮಕ್ಕಳ ಮಟ್ಟಿಗೆ ಎದುರಾಬದುರಿಗೆ ನಾಲ್ಕು, ಫೋನಿಗೆ ಮೂರೂವರೆ, ವಿಡಿಯೊಗೆ ಎರಡು. ಈಗ ಮೊದಲ ಭೇಟಿ ಎದುರಿಗೆ, ಒಪ್ಪಿಗೆಯ ಮಾತೂ ಅಲ್ಲೇ. ಫೋನ್ ಮಾಡುವ ಹೊತ್ತನ್ನು ಅವರೇ ಆರಿಸಿ ಮಿಸ್ ಕಾಲ್ ಕೊಡುತ್ತಾರೆ. ಪಕ್ಕದಲ್ಲಿ ಯಾರಾದರೂ ಬಂದರೆ ‘ಆಮೇಲೆ ಅಂಗಡಿಗೆ ಹೋಗ್ಬೇಕು’ ಅನ್ನಿ ಎಂದು ಮೊದಲೇ ಮಾತಾಡಿಕೊಂಡಿರುತ್ತೇವೆ. ಆ ಮಾತು ಬಂದ ಕೂಡಲೇ ನಾನು ಟಾರ್ಗೆಟ್, ಬಸ್ಸು, ಮಕ್ಕಳ ಶಾಲೆ ಇಂಥ ಮಾತಿಗೆ ತಿರುಗಿ ಫೋನ್ ಇಡುತ್ತೇನೆ.