ಬ್ಲೀಚ್‌ಗೆ ಮುಂಚೆ, ಬ್ಲೀಚ್ ಆದ ಮೇಲೆ: ಬಾಂಡ್ ಟ್ರೀಟ್‌ಮೆಂಟ್ ಮತ್ತು ಪ್ರೋಟೀನ್, ಒಂದೂವರೆ ವರ್ಷದ ಬಳಕೆ

ತಲೆ ತೊಳೆದು ಟವೆಲ್ ಬಿಚ್ಚಿದಾಗ ಹಿಂದಲೆಯ ಒಂದು ಎಳೆ ಬೆರಳಿಗೆ ಸುತ್ತಿಕೊಂಡಿತು. ಬಿಡಿಸಲು ಎಳೆದೆ. ಅದು ಉದ್ದವಾಗುತ್ತಲೇ ಹೋಯಿತು. ಬಿಟ್ಟರೆ ಹಿಂದಕ್ಕೆ ಬರಲಿಲ್ಲ, ಸತ್ವ ಹೋದ ಇಲಾಸ್ಟಿಕ್ ದಾರದ ಹಾಗೆ ಸುರುಳಿಯಾಗಿ ನೇತುಬಿದ್ದಿತು. ಮತ್ತೊಮ್ಮೆ ಎಳೆದಾಗ ಸದ್ದಿಲ್ಲದೆ ತುಂಡಾಯಿತು. ಅದು ನನ್ನ ಮೊದಲ ಬ್ಲೀಚ್‌ನ ಮರುದಿನ. ಮನೆಯಲ್ಲೇ, ಬ್ಲೀಚ್ ಪುಡಿಗೆ 9 ಶೇಕಡಾ ಡೆವಲಪರ್, ಅಂದರೆ ಪೆರಾಕ್ಸೈಡ್ ದ್ರವ, ಹಾಕಿ, ಒಂದೇ ದಿನ ಎರಡು ಸುತ್ತು ಮಾಡಿಕೊಂಡಿದ್ದೆ. ಬಣ್ಣ ಬಂದಿತ್ತು, ಕೂದಲು ಹೋಗಿತ್ತು.

ಅಂದಿನಿಂದ ಇಂದಿನವರೆಗೆ ಹದಿನೆಂಟು ತಿಂಗಳು, ಕೂದಲಿನೊಳಗಿನ ಬಂಧಗಳನ್ನು ಕಾಪಾಡಲು ಹಚ್ಚುವ ಬಾಂಡ್ ಟ್ರೀಟ್‌ಮೆಂಟನ್ನೂ ಪ್ರೋಟೀನ್ ಟ್ರೀಟ್‌ಮೆಂಟನ್ನೂ ಬಿಡದೆ ಬಳಸಿದ್ದೇನೆ. ನಡುವೆ, ಹನ್ನೊಂದನೆಯ ತಿಂಗಳಲ್ಲಿ, ಎರಡನೇ ಸಲ ಬ್ಲೀಚ್ ಮಾಡಿಸಿಕೊಂಡೆ, ಈ ಸಲ ತಯಾರಿಯೊಂದಿಗೆ. ಹಾಗಾಗಿ ಎರಡೂ ಅನುಭವವನ್ನು ಅಕ್ಕಪಕ್ಕ ಇಟ್ಟು ಹೇಳಬಲ್ಲೆ.

ಮೊದಲು, ಎಳೆ ಹಾಗೆ ಹಿಗ್ಗುವುದು ಏಕೆ ಅಂತ ಹೇಳಿಬಿಡುತ್ತೇನೆ. ಕೂದಲು ಬಹುಪಾಲು ಕೆರಾಟಿನ್ ಎಂಬ ಪ್ರೋಟೀನ್. ಅದರ ಸರಪಳಿಗಳನ್ನು ಗಂಧಕದ ಅಡ್ಡಕೊಂಡಿಗಳು ಒಂದಕ್ಕೊಂದು ಬಿಗಿದಿಟ್ಟಿರುತ್ತವೆ, ಇವೇ ಡೈಸಲ್ಫೈಡ್ ಬಂಧಗಳು. ನೀರು ಬಿದ್ದಾಗ ಕೂದಲಿನ ಬೇರೆ ಸಣ್ಣಪುಟ್ಟ ಬಂಧಗಳು ಸಡಿಲವಾದರೂ ಈ ಕೊಂಡಿಗಳು ಹಿಡಿದುಕೊಂಡಿರುತ್ತವೆ. ಅದಕ್ಕೇ ಒಳ್ಳೆಯ ಕೂದಲು ಒದ್ದೆಯಾಗಿದ್ದಾಗ ಸ್ವಲ್ಪ ಹಿಗ್ಗಿ ವಾಪಸ್ ಬರುತ್ತದೆ. ಬ್ಲೀಚ್ ಬಣ್ಣವನ್ನು ತೆಗೆಯುವಾಗಲೇ ಈ ಕೊಂಡಿಗಳನ್ನೂ ಮುರಿಯುತ್ತದೆ. ಹಾಗೆ ಮುರಿದ ಗಂಧಕದ ಒಂದು ಪಾಲು ಸಿಸ್ಟೀಯಿಕ್ ಆಮ್ಲವಾಗಿ ಮಾರ್ಪಟ್ಟುಬಿಡುತ್ತದೆ. ಆ ಪಾಲನ್ನು ಯಾವ ಬಾಟಲಿಯೂ ಮತ್ತೆ ಮೊದಲಿನ ಕೊಂಡಿಯಾಗಿ ಮಾಡಲಾರದು. ಇದು ಗೊತ್ತಿದ್ದರೆ ಇಲ್ಲಿಂದ ಮುಂದಿನದು ಸುಲಭ: ಬಾಂಡ್ ಟ್ರೀಟ್‌ಮೆಂಟಿನ ನಿಜವಾದ ಕೆಲಸ ಬ್ಲೀಚ್ ನಡೆಯುವಾಗ ಮತ್ತು ಅದು ಮುಗಿದ ತಕ್ಷಣ. ತಿಂಗಳು ಕಳೆದ ಮೇಲೆ ಅಲ್ಲ.

ನನಗೆ ಇದು ಗೊತ್ತಿರಲಿಲ್ಲ. ಮೊದಲ ಬ್ಲೀಚ್ ಆಗಿ ಎರಡು ವಾರಕ್ಕೆ, ಮನೆಯಲ್ಲೇ ಹಚ್ಚುವ ಬಾಂಡ್ ಟ್ರೀಟ್‌ಮೆಂಟ್ ಆದ ಓಲಾಪ್ಲೆಕ್ಸ್ ನಂ. 3 ತಂದು ಶುರುಮಾಡಿದೆ. ವಾರಕ್ಕೊಮ್ಮೆ, ಶಾಂಪೂಗೆ ಮುಂಚೆ, ಒದ್ದೆ ಕೂದಲಿಗೆ ಹಚ್ಚಿ ಅರ್ಧ ಗಂಟೆ. ನಡುಭಾಗದ ಕೂದಲಿಗೆ ಅದು ಉಪಯೋಗಕ್ಕೆ ಬಂತು, ಮೂರು ನಾಲ್ಕು ವಾರದಲ್ಲಿ ಬಾಚುವಾಗ ತುಂಡಾಗಿ ಬೀಳುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆದರೆ ಹಿಂದಲೆಯ ಆ ಹಿಗ್ಗುವ ತುದಿಗಳು ಹಾಗೆಯೇ ಉಳಿದವು. ಎರಡು ಸುತ್ತಿನ ಬ್ಲೀಚ್ ಒಂದರ ಮೇಲೊಂದು ಬಿದ್ದ ಜಾಗ ಅದು. ಕೊನೆಗೆ ಎಂಟು ಸೆಂಟಿಮೀಟರ್ ಕತ್ತರಿಸಬೇಕಾಯಿತು. ಒದ್ದೆಯಲ್ಲಿ ಅಂಟಂಟಾಗಿ, ಲೋಳೆಯಂತೆ ಆಗಿಹೋದ ಕೂದಲಿಗೆ ಕತ್ತರಿಯೇ ದಾರಿ. ಅದನ್ನು ಉಳಿಸಿಕೊಳ್ಳಲು ಮೂರು ತಿಂಗಳು ಕಾದದ್ದರಿಂದ ಸೀಳು ಮೇಲಕ್ಕೆ ಹತ್ತಿತೇ ಹೊರತು ಬೇರೇನೂ ಆಗಲಿಲ್ಲ.

ಇನ್ನು ಪ್ರೋಟೀನ್. ಇದರ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಬಹಳ ಜನ ಇದನ್ನೇ ಮಾಡುತ್ತಾರೆ. ಹೈಡ್ರೊಲೈಸ್ಡ್ ಕೆರಾಟಿನ್, ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್ ಅಂತ ಡಬ್ಬಿಯ ಮೇಲೆ ಇರುತ್ತದಲ್ಲ, ಅದು ಸಣ್ಣ ಸಣ್ಣ ಚೂರಾಗಿಸಿದ ಪ್ರೋಟೀನ್. ಬ್ಲೀಚ್‌ನಿಂದ ತೂತುಬಿದ್ದ ಕೂದಲಿನೊಳಗೆ ಚಿಕ್ಕ ಚೂರುಗಳು ಸ್ವಲ್ಪ ಇಳಿಯುತ್ತವೆ, ದೊಡ್ಡವು ಮೇಲೆ ಪದರದಂತೆ ಕೂರುತ್ತವೆ. ಎಳೆಗೆ ಬಿಗಿ ಬರುತ್ತದೆ. ಆದರೆ ಅದು ಗಂಧಕದ ಕೊಂಡಿಯನ್ನು ಕಟ್ಟುವುದಿಲ್ಲ, ಕೆಲವು ಸಲ ತಲೆ ತೊಳೆದರೆ ಇಳಿದೂ ಹೋಗುತ್ತದೆ. ಮೊದಲ ಬಾರಿ ಹಚ್ಚಿದಾಗ ಸಿಕ್ಕ ಬಿಗಿ ನೋಡಿ ಖುಷಿಯಾಗಿ, ವಾರಕ್ಕೆ ಎರಡು ಸಲ ಹಚ್ಚತೊಡಗಿದೆ. ಶಾಂಪೂ ಕೂಡ ಕೆರಾಟಿನ್ ಇರುವುದನ್ನೇ ತಂದೆ. ಐದನೇ ವಾರಕ್ಕೆ ಕೂದಲು ಒಣಗಿದಾಗ ಪೊರಕೆ ಕಡ್ಡಿಯಂತೆ ನಿಲ್ಲತೊಡಗಿತು. ಬಾಚಣಿಗೆ ಇಳಿಸಿದರೆ ಟಿಕ್ ಟಿಕ್ ಸದ್ದು. ಬಿಳಿ ಅಂಗಿಯ ಮೇಲೆ ಒಂದೆರಡು ಸೆಂಟಿಮೀಟರಿನ ತುಂಡುಗಳು ಬೀಳುತ್ತಿದ್ದವು, ಯಾವುದರ ತುದಿಯಲ್ಲೂ ಬುಡದ ಬಿಳಿ ಗುಬುಟು ಇರಲಿಲ್ಲ. ಗುಬುಟು ಇದ್ದರೆ ಅದು ಬುಡದಿಂದ ಉದುರಿದ ಕೂದಲು, ಇಲ್ಲದಿದ್ದರೆ ನಡುವೆ ಮುರಿದದ್ದು.

ನಾನು ಅದನ್ನು ಬ್ಲೀಚ್‌ನ ಹಾನಿ ಎಂದೇ ತಿಳಿದು ಇನ್ನಷ್ಟು ಪ್ರೋಟೀನ್ ಹಚ್ಚಿದೆ. ನಿಜ ತಿಳಿದದ್ದು ಒದ್ದೆ ಎಳೆಯನ್ನು ಎಳೆದು ನೋಡಿದಾಗ. ಅದು ಹಿಗ್ಗಲೇ ಇಲ್ಲ, ಎಳೆದ ಕೂಡಲೇ ಪಟ್ಟನೆ ತುಂಡಾಯಿತು. ಮೊದಲಿನ ಹಿಗ್ಗುವ ಕೂದಲಿಗೆ ಪೂರ್ತಿ ಉಲ್ಟಾ. ಪ್ರೋಟೀನ್ ಪೂರ್ತಿ ನಿಲ್ಲಿಸಿ, ಶಾಂಪೂ ಬದಲಿಸಿ, ಪ್ರತಿ ಸಲವೂ ದಪ್ಪನೆಯ ಕಂಡಿಷನರ್ ಹಚ್ಚಿ ಹತ್ತು ನಿಮಿಷ ಬಿಡುತ್ತಾ ಬಂದೆ. ಆರು ವಾರ ಬೇಕಾಯಿತು ಮೆತ್ತಗಾಗಲು.

ಅಂದಿನಿಂದ ಏನು ಹಚ್ಚಬೇಕು ಅನ್ನುವುದನ್ನು ಈ ಪರೀಕ್ಷೆಯೇ ತೀರ್ಮಾನಿಸುತ್ತದೆ. ಶಾಂಪೂ ಆದ ಮೇಲೆ, ಕಂಡಿಷನರ್‌ಗೆ ಮುಂಚೆ, ಉದುರಿದ ಕೂದಲಿನಿಂದ ಒಂದು ಎಳೆ ತೆಗೆದುಕೊಂಡು ಸುಮಾರು ಹತ್ತು ಸೆಂಟಿಮೀಟರ್ ಭಾಗವನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ನಿಧಾನವಾಗಿ ಎಳೆಯುತ್ತೇನೆ. ಎರಡು ಮೂರು ಸೆಂಟಿಮೀಟರ್ ಹಿಗ್ಗಿ, ಬಿಟ್ಟಾಗ ಮೊದಲಿನ ಉದ್ದಕ್ಕೆ ಬಂದರೆ ಕಂಡಿಷನರ್ ಸಾಕು. ಹಿಗ್ಗಿ ವಾಪಸ್ ಬಾರದಿದ್ದರೆ ಪ್ರೋಟೀನ್ ಬೇಕು. ಹಿಗ್ಗದೆ ಮುರಿದರೆ ಪ್ರೋಟೀನ್ ಮುಟ್ಟಬಾರದು. ಒಂದೇ ಎಳೆ ನೋಡಿ ನಿರ್ಧರಿಸಬೇಡಿ, ನೆತ್ತಿ, ಕಿವಿಯ ಹಿಂದೆ, ಹಿಂದಲೆ, ಹೀಗೆ ಬೇರೆ ಬೇರೆ ಕಡೆಯ ಹತ್ತು ಎಳೆಯಾದರೂ ನೋಡಿ. ನನ್ನ ತಲೆಯಲ್ಲೇ ನೆತ್ತಿ ಒಂದು ಹೇಳಿದರೆ ಹಿಂದಲೆ ಇನ್ನೊಂದು ಹೇಳುತ್ತದೆ.

ಎರಡನೇ ಬ್ಲೀಚ್‌ನ ಹೊತ್ತಿಗೆ ಹದಿಮೂರು ಸೆಂಟಿಮೀಟರಿನಷ್ಟು ಹೊಸ ಕಪ್ಪು ಕೂದಲು ಬಂದಿತ್ತು, ಅದರ ಕೆಳಗೆ ಹಳೆಯ ಬ್ಲೀಚ್ ಆದ ಭಾಗ. ಹತ್ತು ದಿನ ಮುಂಚೆ ಪರೀಕ್ಷೆ ಮಾಡಿದಾಗ ಹಳೆಯ ಭಾಗದ ಎಳೆಗಳು ಹೆಚ್ಚೇ ಹಿಗ್ಗುತ್ತಿದ್ದವು. ಆ ಭಾಗಕ್ಕೆ ಮಾತ್ರ ಒಮ್ಮೆ ಪ್ರೋಟೀನ್ ಹಚ್ಚಿ, ಹದಿನೈದು ನಿಮಿಷ ಬಿಟ್ಟು ತೊಳೆದು, ಮೇಲೆ ಕಂಡಿಷನರ್ ಹಚ್ಚಿದೆ. ಬ್ಲೀಚ್‌ನ ಹಿಂದಿನ ದಿನವೋ ಅದೇ ದಿನವೋ ಮಾಡುವುದಕ್ಕಿಂತ ಹೀಗೆ ಮುಂಚಿತವಾಗಿ ಮಾಡುವುದೇ ಒಳ್ಳೆಯದು, ಕೂದಲು ಬಿರುಸಾಗಿದ್ದರೆ ಸರಿಪಡಿಸಲು ಸಮಯ ಇರುತ್ತದೆ. ಮೂರು ದಿನ ಮುಂಚೆ ನಂ. 3 ಒಮ್ಮೆ.

ಈ ಸಲ ಕೆಲಸವನ್ನು ಹೇರ್‌ಸ್ಟೈಲಿಸ್ಟ್ ಕೈಗೆ ಕೊಟ್ಟೆ. ಅವರು ಬ್ಲೀಚ್ ಪುಡಿಗೆ 6 ಶೇಕಡಾ ಡೆವಲಪರ್ ಸೇರಿಸಿ ಚೆನ್ನಾಗಿ ಕಲಸಿ, ಆಮೇಲೆ ಕೊನೆಯಲ್ಲಿ ಓಲಾಪ್ಲೆಕ್ಸ್ ನಂ. 1 ಅನ್ನು ಅಳೆದು ಹಾಕಿದರು. "ಇದು ಹಾಕಿದ್ರೆ ಬಣ್ಣ ಬಿಡೋದು ಸ್ವಲ್ಪ ನಿಧಾನ ಮೇಡಂ. ಅವಸರ ಆಯ್ತು ಅಂತ ಡೆವಲಪರ್ ಜಾಸ್ತಿ ಮಾಡೋದು ಬೇಡ, ಕಾಯೋಣ" ಎಂದರು. ಈ ಮಾತಿಗೆ ನಾನು ಕೊಡುವ ಬೆಲೆ ಬಾಟಲಿಗೆ ಕೊಡುವುದಕ್ಕಿಂತ ಹೆಚ್ಚು. ಬಾಂಡ್ ಇದೆ ಅನ್ನುವ ಧೈರ್ಯದಲ್ಲಿ ಡೆವಲಪರ್ ಏರಿಸಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಹಳೆಯ ಭಾಗಕ್ಕೆ ಬ್ಲೀಚ್ ತಾಗದಂತೆ ಅದಕ್ಕೆ ಮೊದಲೇ ದಪ್ಪಗೆ ಕಂಡಿಷನರ್ ಬಳಿದಿದ್ದರು.

ನಾನು ಕೇಳಿಕೊಂಡದ್ದಕ್ಕೆ ಎಡಗಿವಿಯ ಹಿಂದಿನ ಒಂದು ಸಣ್ಣ ಗೊಂಚಲಿಗೆ ನಂ. 1 ಇಲ್ಲದ ಬ್ಲೀಚ್ ಹಾಕಿದರು, ಅದೇ ಪುಡಿ, ಅದೇ ಡೆವಲಪರ್. ಆ ಗೊಂಚಲು 35 ನಿಮಿಷಕ್ಕೆ ತಿಳಿ ಹಳದಿಗೆ ಬಂತು, ಬಲಗಿವಿಯ ಹಿಂದಿನದಕ್ಕೆ ಸರಿಯಾಗಿ 45 ನಿಮಿಷ ಹಿಡಿಯಿತು. ಬ್ಲೀಚ್ ತೊಳೆದ ಮೇಲೆ ನಂ. 2 ಹಚ್ಚಿ ಇಪ್ಪತ್ತು ನಿಮಿಷ, ಎಡಗಿವಿಯ ಗೊಂಚಲನ್ನು ಬಿಟ್ಟು. ಆಮೇಲೆ ಶಾಂಪೂ, ಕಂಡಿಷನರ್.

ಮರುದಿನ ಎರಡೂ ಕಡೆಯಿಂದ ಹತ್ತತ್ತು ಎಳೆ ತೆಗೆದು ಒದ್ದೆಯಲ್ಲಿ ಎಳೆದೆ. ಬಲಗಡೆಯ ಹತ್ತರಲ್ಲಿ ಎರಡು ಪೂರ್ತಿ ವಾಪಸ್ ಬರಲಿಲ್ಲ. ಎಡಗಡೆ ಆರು ಬರಲಿಲ್ಲ, ಅದರಲ್ಲಿ ಒಂದು ಕೈಯಲ್ಲೇ ತುಂಡಾಯಿತು. ಇದು ಒಂದು ತಲೆಯ, ಇಪ್ಪತ್ತು ಎಳೆಯ ಲೆಕ್ಕ, ಅಷ್ಟೇ. ಬ್ಲೀಚ್ ನಿಧಾನವಾದದ್ದೇ ರಕ್ಷಣೆಯ ಒಂದು ಪಾಲು ಇರಲೂಬಹುದು. ಆದರೆ ಬೆರಳಿಗೆ ಸಿಕ್ಕ ವ್ಯತ್ಯಾಸ ಅನುಮಾನ ಉಳಿಸುವಂಥದ್ದಾಗಿರಲಿಲ್ಲ.

ಆಮೇಲಿನ ಎರಡು ವಾರ ಪ್ರೋಟೀನ್ ಹಚ್ಚಲಿಲ್ಲ, ಕಂಡಿಷನರ್ ಮತ್ತು ವಾರಕ್ಕೊಮ್ಮೆ ನಂ. 3 ಮಾತ್ರ. ಮೂರನೇ ವಾರ ಪರೀಕ್ಷೆಯಲ್ಲಿ ಹಿಗ್ಗು ಹೆಚ್ಚು ಕಂಡದ್ದರಿಂದ ಒಮ್ಮೆ ಪ್ರೋಟೀನ್. ಅಲ್ಲಿಂದ ಈಚೆಗೆ ಏಳು ತಿಂಗಳಲ್ಲಿ ಪ್ರೋಟೀನ್ ಹಚ್ಚಿದ್ದು ಒಟ್ಟು ಐದು ಸಲ. ಮಾಸ್ಕ್ ಕೊಳ್ಳುವಾಗ ಹಿಂಬದಿಯ ಪಟ್ಟಿ ಓದುತ್ತೇನೆ, ಬಾಂಡ್ ಎಂದು ಹೆಸರಿಟ್ಟ ಕೆಲವು ಮಾಸ್ಕ್‌ಗಳಲ್ಲೂ ಹೈಡ್ರೊಲೈಸ್ಡ್ ಪ್ರೋಟೀನ್ ಇರುತ್ತದೆ, ಗೊತ್ತಿಲ್ಲದೆ ಲೆಕ್ಕ ತಪ್ಪುತ್ತದೆ.

ಅಂಕ ಕೊಡಬೇಕೆಂದರೆ, ಬ್ಲೀಚ್‌ನೊಳಗೆ ಸೇರಿಸುವ ಮತ್ತು ತೊಳೆದ ತಕ್ಷಣ ಹಚ್ಚುವ ಬಾಂಡ್ ಹಂತಗಳಿಗೆ ಐದಕ್ಕೆ ನಾಲ್ಕೂವರೆ. ಮನೆಯಲ್ಲಿ ವಾರಕ್ಕೊಮ್ಮೆ ಹಚ್ಚುವುದಕ್ಕೆ ಮೂರು, ಅದು ಇರುವುದನ್ನು ಕಾಪಾಡುತ್ತದೆ, ಹೋದದ್ದನ್ನು ತರುವುದಿಲ್ಲ. ಪ್ರೋಟೀನ್‌ಗೆ ನಾಲ್ಕು, ಎಳೆಯನ್ನು ಎಳೆದು ನೋಡಿ ಹಚ್ಚುವವರಿಗೆ ಮಾತ್ರ.

ಎಡಗಿವಿಯ ಹಿಂದಿನ ಆ ಗೊಂಚಲು ಈಗ ಬಲಗಡೆಯದಕ್ಕಿಂತ ಸುಮಾರು ನಾಲ್ಕು ಸೆಂಟಿಮೀಟರ್ ಗಿಡ್ಡ, ತುದಿ ಮುರಿದು ಮುರಿದು. ಬುಡದಲ್ಲಿ ಮತ್ತೆ ಎಂಟು ಸೆಂಟಿಮೀಟರ್ ಕಪ್ಪು ಬಂದಿದೆ, ಮೂರನೇ ಬ್ಲೀಚ್‌ಗೆ ದಿನ ನೋಡುತ್ತಿದ್ದೆ. ಈ ವಾರ ಹಿಂದಲೆಯ ಹತ್ತು ಎಳೆಗಳಲ್ಲಿ ನಾಲ್ಕು ವಾಪಸ್ ಬರಲಿಲ್ಲ. ಒಂದು ಪ್ರೋಟೀನ್ ಹಚ್ಚಿದ್ದೇನೆ, ಬ್ಲೀಚನ್ನು ಎರಡು ತಿಂಗಳು ಮುಂದಕ್ಕೆ ಹಾಕಿದ್ದೇನೆ.