ಕರ್ಟನ್ ವಾಲ್ ಸಾರಾಂಶದಲ್ಲಿ ‘ಆಂಕರ್ 0.78, ಓಕೆ’ ಅಂತ ಮಾತ್ರ ಇದ್ದರೆ ಸಹಿ ಹಾಕಬೇಡಿ

ಇದು ಬೆಂಗಳೂರಿನ ಒಂದು ಆಫೀಸ್ ಕಟ್ಟಡದಲ್ಲಿ ಆದದ್ದು. ಗಾಜಿನ ಕರ್ಟನ್ ವಾಲ್ ಕೆಲಸ ನಮ್ಮ ತಂಡದ್ದು. ಸ್ಟ್ರಕ್ಚರಲ್ ಕನ್ಸಲ್ಟೆಂಟ್‌ಗೆ ಕಳಿಸುವ ಸಬ್ಮಿಟಲ್‌ಗೆ ಎರಡು ಪುಟದ ಸಾರಾಂಶ ಬರೆದದ್ದು ನಾನು. ಲೆಕ್ಕ ನೂರಾರು ಪುಟ ಇತ್ತು. ಅದನ್ನೆಲ್ಲ ಓದೋಕೆ ಯಾರಿಗೂ ಸಮಯ ಇರಲ್ಲ, ಅಲ್ವಾ? ಅದಕ್ಕೇ ಸಾರಾಂಶದಲ್ಲಿ ಏನಿದೆಯೋ ಅದೇ ಎಲ್ಲರ ಕಣ್ಣಿಗೆ ಬೀಳೋದು. ನಾನು ಬರೆದದ್ದು ಎರಡೇ ಸಾಲು: ‘ಗಾಳಿ ಒತ್ತಡ 0.74 ಕಿಲೋಪಾಸ್ಕಲ್. ಆಂಕರ್ ಅನುಪಾತ 0.78, ಓಕೆ.’

ಗಾಜಿನ ಚೌಕಟ್ಟು ಹೊತ್ತ ಬ್ರಾಕೆಟನ್ನು ಸ್ಲ್ಯಾಬ್‌ಗೆ ಹಿಡಿಸುವ ಬೋಲ್ಟೇ ಆಂಕರ್. ಅದರ ಮೇಲೆ ಬರುವ ಭಾರವನ್ನು ಅದು ತಡೆಯಬಲ್ಲ ಭಾರದಿಂದ ಭಾಗಿಸಿದರೆ ಸಿಗೋದು ಈ ಅನುಪಾತ, 1 ದಾಟಿದರೆ ಫೇಲ್. ನಾನು ಬರೆದ ಎರಡೂ ಅಂಕಿ ಲೆಕ್ಕದ ಪ್ರಕಾರ ಸರಿಯೇ. ಆದರೆ ಅವು ಯಾವ ಜಾಗಕ್ಕೆ, ಯಾವ ಷರತ್ತಿನ ಮೇಲೆ ಸರಿ ಅನ್ನೋದನ್ನು ನಾನು ಬರೆದಿರಲಿಲ್ಲ.

ಮೊದಲು ಗಾಳಿಯ ವಿಷಯ. ಗಾಳಿ ಭಾರದ ಭಾರತೀಯ ಮಾನದಂಡ ಐಎಸ್ 875 ಭಾಗ 3ರ 2015ರ ಆವೃತ್ತಿಯಲ್ಲಿ ಬೆಂಗಳೂರಿನ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್. ನಮ್ಮ ಕಟ್ಟಡ 50 ಮೀಟರ್ ಎತ್ತರ, 30 ಮೀಟರ್ ಅಗಲ, 36 ಮೀಟರ್ ಉದ್ದ. ಸುತ್ತ ಕಟ್ಟಡಗಳಿದ್ದ ಕಾರಣ ಟೆರೇನ್ ವರ್ಗ 3 ಹಿಡಿದಿದ್ದೆವು. ಆ ವರ್ಗಕ್ಕೆ, ಆ ಎತ್ತರಕ್ಕೆ ವೇಗದ ಗುಣಕ 1.12. ಕೆಳಗೆ Vz ಆ ಎತ್ತರದ ವೇಗ, pz ಅದರಿಂದ ಬರುವ ಒತ್ತಡ, pd ವಿನ್ಯಾಸಕ್ಕೆ ಹಿಡಿಯುವ ಒತ್ತಡ.

```
Vz = 33 × 1.0 × 1.12 × 1.0 × 1.0 = 36.96 m/s
pz = 0.6 × Vz² ≈ 820 N/m²
pd = 0.9 × pz ≈ 0.74 kPa
```

ಇದು ಇನ್ನೂ ಗಾಜಿನ ಮೇಲೆ ಬೀಳುವ ಒತ್ತಡ ಅಲ್ಲ. ಇದನ್ನು ಹೊರಗಿನ ಮತ್ತು ಒಳಗಿನ ಒತ್ತಡದ ಗುಣಾಂಕಗಳ ಮೊತ್ತದಿಂದ ಗುಣಿಸಬೇಕು. ಗೋಡೆಯ ನಡುಭಾಗದಲ್ಲಿ ಹೊರಗೆ 0.8, ಒಳಗೆ 0.2. ಕೂಡಿದರೆ 1.0. ಹಾಗಾಗಿ 0.74 ಹಾಗೇ ಉಳಿಯಿತು, ನನಗೂ ಸಂಶಯ ಬರಲಿಲ್ಲ. ಆದರೆ ಮೂಲೆಯಲ್ಲಿ ಗಾಳಿ ತಿರುಗುವಾಗ ಹೊರಕ್ಕೆ ಎಳೆತ ಜಾಸ್ತಿ. ನಮ್ಮ ಕಟ್ಟಡದ ಅಳತೆಗೆ ಅಲ್ಲಿ ಹೊರಗಿನ ಗುಣಾಂಕ 1.2, ಒಳಗಿನ 0.2 ಸೇರಿ 1.4. ಅಂದರೆ 1.03 ಕಿಲೋಪಾಸ್ಕಲ್. ಎಳೆತ ಜಾಸ್ತಿ ಇರುವ ಈ ಮೂಲೆ ಪಟ್ಟಿಯ ಅಳತೆ ಕಟ್ಟಡದ ಅಗಲದ ಕಾಲು ಭಾಗ, ಅಂದರೆ ಪ್ರತಿ ಮೂಲೆಯಿಂದ ಆಚೀಚೆ 7.5 ಮೀಟರ್. ಗಾಜನ್ನು ಹಿಡಿಯುವ ಲಂಬ ಕಂಬಿಗಳು, ಅಂದರೆ ಮುಲಿಯನ್‌ಗಳ ಅಂತರ 1.5 ಮೀಟರ್ ಇತ್ತು. ಒಂದೊಂದು ಮೂಲೆಯ ಎರಡೂ ಬದಿಗೆ ಐದೈದು ಮುಲಿಯನ್ ಅದರೊಳಗೆ ಬರುತ್ತವೆ.

ಮಹಡಿ ಎತ್ತರ 4 ಮೀಟರ್. ಪ್ರತಿ ಮಹಡಿಯಲ್ಲಿ ಮುಲಿಯನ್ನನ್ನು ಸ್ಲ್ಯಾಬ್‌ಗೆ ಹಿಡಿಸುವ ಒಂದು ಬ್ರಾಕೆಟ್ ಪಾಲಿಗೆ 6 ಚದರ ಮೀಟರ್ ಗಾಜು. ನಡುವೆ ಬ್ರಾಕೆಟ್‌ಗೆ 4.4 ಕಿಲೋನ್ಯೂಟನ್, ಮೂಲೆಯಲ್ಲಿ 6.2. ಅಂದರೆ 0.78 ಅನ್ನೋದು ಮೂಲೆಯಲ್ಲಿ 1.09 ಆಗುತ್ತದೆ. ಅಷ್ಟಕ್ಕೇ ಫೇಲ್.

ಎರಡನೇ ಪೆಟ್ಟು ಸೈಟಿನಲ್ಲಿ ಕಾದಿತ್ತು. ನಮ್ಮ ಬ್ರಾಕೆಟ್ ಸ್ಲ್ಯಾಬ್ ಮೇಲೆ ಕೂರುವಂಥದ್ದು. ಗಾಳಿ ಗಾಜನ್ನು ಹೊರಕ್ಕೆ ಎಳೆದಾಗ ಆಂಕರ್ ಸ್ಲ್ಯಾಬ್ ಅಂಚಿನ ಕಡೆಗೇ ಕಾಂಕ್ರೀಟನ್ನು ತಳ್ಳುತ್ತದೆ. ಅಂಚು ಒಡೆಯೋದೇ ಇಲ್ಲಿ ನಿಜವಾದ ಅಪಾಯ, ಬೋಲ್ಟ್ ತುಂಡಾಗೋದಲ್ಲ. ಲೆಕ್ಕದಲ್ಲಿ ಅಂಚಿನಿಂದ ಆಂಕರ್‌ಗೆ 100 ಮಿಮೀ ಹಿಡಿದಿದ್ದೆವು. ಒಂದು ಬದಿಯಲ್ಲಿ ಸ್ಲ್ಯಾಬ್ 40 ಮಿಮೀ ಒಳಗೇ ನಿಂತಿತ್ತು. ಗಾಜಿನ ಗೆರೆ ಬದಲಾಗಲ್ಲ. ಹಾಗಾಗಿ ಆಂಕರ್ ಅಂಚಿನಿಂದ ಬರೀ 60 ಮಿಮೀ ದೂರದಲ್ಲಿ ಬಂತು. ಅಂಚು ಒಡೆಯದೆ ತಡೆಯುವ ಶಕ್ತಿ ಈ ದೂರದ 1.5 ಘಾತದಂತೆ ಇಳಿಯುತ್ತದೆ. 60ಕ್ಕೆ ಇಳಿದರೆ ಸುಮಾರು 0.46 ಭಾಗ ಮಾತ್ರ ಉಳಿಯುತ್ತದೆ. 1.09 ಇದ್ದ ಅನುಪಾತ 2ನ್ನೂ ದಾಟಿತು.

ಮೂರು ಮಹಡಿ ಬ್ರಾಕೆಟ್ ಕೂರಿಸಿ ಆಗಿತ್ತು. ಕನ್ಸಲ್ಟೆಂಟ್ ಸೈಟಿಗೆ ಬಂದವರು ಮೂಲೆಯಲ್ಲಿ ಬಗ್ಗಿ, ಟೇಪ್ ಹಿಡಿದು ನೋಡಿದರು. “ಇಲ್ಲಿ ಅರವತ್ತೇ ಇದೆಯಲ್ಲಪ್ಪ. ನಿಮ್ಮ ಲೆಕ್ಕದಲ್ಲಿ ಎಷ್ಟು?” ಅಂತ ಕೇಳಿದರು. “ನೂರು ಸರ್” ಅಂದೆ. “ಸಾರಾಂಶದಲ್ಲಿ ಬರೆದಿದ್ದೀರಾ?” ನಾನು ಸುಮ್ಮನಾದೆ.

ಡ್ರಾಯಿಂಗ್ ಮೇಲೆ ಅವರ ‘ಆಕ್ಷೇಪಣೆ ಇಲ್ಲ’ ಮುದ್ರೆ ಇತ್ತು. ಅದನ್ನು ನಾವು ಆಂಕರ್‌ಗೂ ಒಪ್ಪಿಗೆ ಅಂದುಕೊಂಡಿದ್ದೆವು. ಅವರು ನೋಡಿದ್ದು ಸ್ಲ್ಯಾಬ್‌ಗೆ ಬರುವ ಭಾರವನ್ನು ಮಾತ್ರ. ನಡುವೆ ಆಂಕರ್ ಯಾರ ಕೈಗೂ ಸಿಗದೆ ಉಳಿದಿತ್ತು. ನೀವು ಯಾವ ಬದಿಯಲ್ಲೇ ಇರಿ, ಮುದ್ರೆ ಯಾವುದಕ್ಕೆ ಅಂತ ಮೊದಲ ದಿನವೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಸಾರಾಂಶದಲ್ಲಿ ಒತ್ತಡ ಒಂದೇ ಅಂಕಿಯಾಗಿ ಕಂಡರೆ ಮೂಲೆ ಎಲ್ಲಿ ಅಂತ ಕೇಳಿ. ಅನುಪಾತ ಕಂಡರೆ ಅಂಚಿನ ದೂರ ಎಷ್ಟು, ಅದು ಡ್ರಾಯಿಂಗಿನದೋ ಸೈಟಿನಲ್ಲಿ ಅಳೆದದ್ದೋ ಅಂತ ಕೇಳಿ.

ಸರಿಪಡಿಸಲು ಉದ್ದದ ಬೇಸ್ ಪ್ಲೇಟ್ ಮಾಡಿಸಿ, ಅಂಚಿನಿಂದ 140 ಮಿಮೀ ಒಳಗೆ ಹೊಸ ಆಂಕರ್ ಹಾಕಿದೆವು. ಹಳೆ ತೂತುಗಳಿಗೆ ಗ್ರೌಟ್ ತುಂಬಿದೆವು. ಐದು ವಾರ ಹೋಯಿತು. ಸ್ಲ್ಯಾಬ್ ದಪ್ಪ 150 ಮಿಮೀ ಮಾತ್ರ ಇದ್ದುದರಿಂದ ಹಿಂದೆ ಸರಿದಷ್ಟೂ ಪೂರ್ತಿ ಲಾಭ ಸಿಗಲಿಲ್ಲ. ಮೂಲೆಯ ಭಾರಕ್ಕೆ ಹೊಸ ಅನುಪಾತ ಮತ್ತೆ 0.78ರ ಆಸುಪಾಸಿಗೇ ಬಂತು. ಈ ಸಲ ಅದರ ಪಕ್ಕದಲ್ಲೇ ಬರೆದೆ: ಮೂಲೆ ಪಟ್ಟಿ, ಬ್ರಾಕೆಟ್‌ಗೆ 6.2 ಕಿಲೋನ್ಯೂಟನ್, ಅಂಚಿನ ದೂರ 140 ಮಿಮೀ, ಪ್ರತಿ ಬ್ರಾಕೆಟ್‌ನಲ್ಲೂ ಸೈಟಿನಲ್ಲಿ ಅಳೆದದ್ದು.