ಫ್ಯಾಂಕೋನಿ ಶಂಕೆ: ರಕ್ತ ಕೊಡಬೇಕಾ, ಚರ್ಮ ಕೊಡಬೇಕಾ?

ತೀರ್ಥಹಳ್ಳಿ ಕಡೆಯ ಏಳು ವರ್ಷದ ಹುಡುಗಿ ಎಂದುಕೊಳ್ಳಿ. ಪ್ಲೇಟ್‌ಲೆಟ್ ಕಡಿಮೆ, ಕೆಂಪು ರಕ್ತಕಣಗಳ ಗಾತ್ರ ಜಾಸ್ತಿ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಒಂದು ಹೆಬ್ಬೆರಳು ಸಣ್ಣದು, ಬೆನ್ನಿನ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು. ಇಷ್ಟು ಕಂಡರೆ ಫ್ಯಾಂಕೋನಿ ಅನೀಮಿಯಾ, ಅಂದರೆ ಜೀನ್ ದೋಷದಿಂದ ಅಸ್ಥಿಮಜ್ಜೆ ಸೋಲುವ ಕಾಯಿಲೆ ಇದೆಯಾ ಎಂದು ಕ್ರೋಮೋಸೋಮ್ ಒಡೆಯುವ ಪರೀಕ್ಷೆ ಮಾಡಿಸಲೇಬೇಕು. ಮೈಮೇಲೆ ಯಾವ ಗುರುತೂ ಇಲ್ಲದ ಮಕ್ಕಳಲ್ಲೂ ಈ ಕಾಯಿಲೆ ಇರಬಹುದು, ಅದು ನೆನಪಿರಲಿ.

ಮೊದಲು ರಕ್ತವೇ ಸರಿ. ಹೆಪಾರಿನ್ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಸಾಕು. ಲ್ಯಾಬಿನಲ್ಲಿ ಬಿಳಿ ರಕ್ತಕಣಗಳನ್ನು ಬೆಳೆಸಿ, ಡಿಎನ್‌ಎಗೆ ಪೆಟ್ಟು ಕೊಡುವ ಡಿಇಬಿ ಅಥವಾ ಮೈಟೋಮೈಸಿನ್ ಸಿ ಎಂಬ ರಾಸಾಯನಿಕ ಹಾಕುತ್ತಾರೆ. ಫ್ಯಾಂಕೋನಿ ಇದ್ದರೆ ಕ್ರೋಮೋಸೋಮ್‌ಗಳು ವಿಪರೀತ ಒಡೆದು, ಒಂದಕ್ಕೊಂದು ತಪ್ಪಾಗಿ ಅಂಟಿಕೊಳ್ಳುತ್ತವೆ. ಕಣಗಳು ಜೀವಂತವಾಗಿರಬೇಕು. ಹಾಗಾಗಿ ಸ್ಯಾಂಪಲ್ ಫ್ರೀಜ್ ಮಾಡಬಾರದು. ಶಿವಮೊಗ್ಗದಿಂದ ದೂರದ ಲ್ಯಾಬಿಗೆ ಹೋಗುವುದಾದರೆ ವಾರದ ಶುರುವಿನಲ್ಲೇ ಕಳಿಸಿ, ರಜೆಯಲ್ಲಿ ಸಿಕ್ಕಿಕೊಂಡರೆ ಕಣಗಳು ಬೆಳೆಯುವುದಿಲ್ಲ.

ಚರ್ಮದ ಪರೀಕ್ಷೆಗೆ ಆ ಜಾಗ ಮರಗಟ್ಟಿಸಿ ಸಣ್ಣ ಚೂರು ತೆಗೆಯುತ್ತಾರೆ. ಬೆಳೆಸುವುದಕ್ಕೇ ವಾರಗಟ್ಟಲೆ ಬೇಕು. ಆದರೂ ಒಮ್ಮೊಮ್ಮೆ ಅದೇ ಗತಿ. ಕೆಲವು ಮಕ್ಕಳ ರಕ್ತದ ಮೂಲಕಣವೊಂದರಲ್ಲಿ ಜೀನ್ ದೋಷ ತಾನಾಗಿಯೇ ಸರಿಹೋಗಿರುತ್ತದೆ. ಆಗ ಕೆಲವು ಕಣಗಳಲ್ಲಿ ಕ್ರೋಮೋಸೋಮ್‌ಗಳು ಒಡೆಯುತ್ತವೆ, ಉಳಿದವುಗಳಲ್ಲಿ ಒಡೆಯುವುದಿಲ್ಲ. ಪೂರ್ತಿ ನಾರ್ಮಲ್ ಅಂತಲೂ ಬರಬಹುದು. ಚರ್ಮದಲ್ಲಿ ಮಾತ್ರ ದೋಷ ಹಾಗೇ ಇರುತ್ತದೆ. ಈ ಹುಡುಗಿಯ ರಕ್ತದ ರಿಪೋರ್ಟ್ ನಾರ್ಮಲ್ ಬಂದರೂ ಆ ಹೆಬ್ಬೆರಳು ನೋಡಿ ನಾನಾದರೆ ಚರ್ಮದ ಪರೀಕ್ಷೆ ಕೇಳುತ್ತೇನೆ.

ಮುಂದೆ ಕಸಿಗಾಗಿ ಅಸ್ಥಿಮಜ್ಜೆ ಕೊಡಲಿರುವ ಅಣ್ಣ, ತಂಗಿಗೂ ಇದೇ ಕಾಯಿಲೆ ಇರಬಹುದು, ಹಾಗಾಗಿ ಅವರಿಗೂ ಮೊದಲೇ ಪರೀಕ್ಷೆ ಆಗಬೇಕು.